ಕಲ್ಲು, ಸೂಜಿ, ಬೆಳಕು: ಮೊಡವೆಯ ಗುಳಿಯವರೆಗೆ ತಲುಪುವುದು ಯಾವುದು?

ಪ್ರಶ್ನೆ: ನನಗೆ 27 ವರ್ಷ, ತುಮಕೂರಿನವಳು. ಕೆಲಸಕ್ಕೆ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಮೊಡವೆ ಬಹಳಷ್ಟು ಕಡಿಮೆಯಾಗಿದೆ, ತಿಂಗಳಿಗೆ ಎರಡು ಮೂರು ಬರುತ್ತವೆ ಅಷ್ಟೇ. ಆದರೆ ಎರಡೂ ಕೆನ್ನೆಗಳಲ್ಲಿ ಕಪ್ಪು ಕಲೆ ಮತ್ತು ಗುಳಿಗಳು ಉಳಿದಿವೆ. ಐದು ತಿಂಗಳಲ್ಲಿ ತಂಗಿಯ ಮದುವೆ. ಮೊಬೈಲ್‌ನಲ್ಲಿ ನೋಡಿ ಗುವಾ ಶಾ ಕಲ್ಲು, 0.5 ಮಿ.ಮೀ. ಸೂಜಿಯ ಡರ್ಮಾ ರೋಲರ್, ಏಳು ಬಣ್ಣದ ಎಲ್‌ಇಡಿ ಮಾಸ್ಕ್ ಮೂರನ್ನೂ ತರಿಸಿಕೊಂಡಿದ್ದೇನೆ, ಎಲ್ಲ ಸೇರಿ ಏಳು ಸಾವಿರ ರೂಪಾಯಿ ಆಯಿತು. ಇನ್ನೂ ಮಾಸ್ಕಿನ ಪೆಟ್ಟಿಗೆ ಒಡೆದಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ವಾಪಸ್ ಕಳಿಸಲಿ?

ಉತ್ತರ: ಮಾಸ್ಕ್ ವಾಪಸ್ ಕಳಿಸಿ. ರೋಲರನ್ನು ಮುಖಕ್ಕೆ ಮುಟ್ಟಿಸಬೇಡಿ. ಕಲ್ಲು ಇರಲಿ, ಆದರೆ ಅದರಿಂದ ನಿಮ್ಮ ಸಮಸ್ಯೆಗೆ ಏನೂ ಆಗುವುದಿಲ್ಲ. ಏಕೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಮೂರರಲ್ಲಿ ಯಾವುದೂ ಪೂರ್ತಿ ಮೋಸವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ನಿಜವಿದೆ. ಆ ನಿಜ ನೀವು ಕೊಂಡ ವಸ್ತುವಿಗೂ ನಿಮ್ಮ ಕೆನ್ನೆಗೂ ಅನ್ವಯಿಸುವುದಿಲ್ಲ ಎಂಬುದೇ ತೊಡಕು.

ಮೊದಲು ನೀವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಕಿವಿಯ ಪಕ್ಕದಿಂದ ಕೆನ್ನೆಯ ಮೇಲೆ ಓರೆಯಾಗಿ ಹಾಯಿಸಿ ಕನ್ನಡಿ ನೋಡಿ. ಬಣ್ಣ ಮಾತ್ರ ಕಪ್ಪಾಗಿದ್ದು ಮೇಲ್ಮೈ ಸಮವಾಗಿದ್ದರೆ ಅಲ್ಲಿ ನೆರಳು ಬೀಳುವುದಿಲ್ಲ. ಅದು ಕಲೆ. ನೆರಳು ಬಿದ್ದರೆ ಅದು ಗುಳಿ. ಈಗ ಎರಡು ಬೆರಳಿನಿಂದ ಆ ಜಾಗದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಎಳೆದಾಗ ಮಾಯವಾಗುವ ಅಗಲವಾದ, ಅಂಚಿಲ್ಲದ ತಗ್ಗುಗಳು ಒಂದು ಬಗೆ. ಎಳೆದರೂ ಹೋಗದೆ, ಅಂಚು ಕತ್ತರಿಸಿದಂತೆ ಕಾಣುವವು ಇನ್ನೊಂದು. ಸೂಜಿಯಿಂದ ಚುಚ್ಚಿದಂತೆ ಕಿರಿದಾಗಿ ಆಳವಾಗಿರುವವು ಮೂರನೆಯವು. ಇವು ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಕಲೆಗಂತೂ ಇವೆಲ್ಲಕ್ಕಿಂತ ಬೇರೆಯದೇ ದಾರಿ. ನನ್ನ ಬಳಿ ‘ಗುಳಿ’ ಎಂದು ಬರುವ ಎಷ್ಟೋ ಮಂದಿಗೆ ಇರುವುದು ಬರೀ ಕಲೆ. ಬಿಸಿಲಿನಿಂದ ಕಾಪಾಡಿಕೊಂಡರೆ ತಿಂಗಳುಗಳಲ್ಲಿ ತಾನಾಗಿಯೇ ತೆಳುವಾಗುವಂಥದ್ದಕ್ಕೆ ಸೂಜಿ ಚುಚ್ಚಿಕೊಂಡು ಇನ್ನಷ್ಟು ಕಪ್ಪು ಮಾಡಿಕೊಂಡಿರುತ್ತಾರೆ.

ಕಲೆಯ ಬಣ್ಣ ಹೆಚ್ಚಾಗಿ ಹೊರಚರ್ಮದಲ್ಲಿರುತ್ತದೆ. ಮುಖದಲ್ಲಿ ಹೊರಚರ್ಮದ ದಪ್ಪ ಒಂದು ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು. ಗುಳಿಯ ಮೂಲ ಅದರ ಕೆಳಗಿನ ಒಳಚರ್ಮದಲ್ಲಿರುತ್ತದೆ. ಮೊಡವೆಯ ಉರಿಯೂತದಲ್ಲಿ ಅಲ್ಲಿ ಚರ್ಮಕ್ಕೆ ಆಧಾರ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ನಾಶವಾಗಿರುತ್ತದೆ, ಕೆಲವು ಕಡೆ ನಾರಿನಂಥ ಎಳೆಗಳು ಮೇಲಿನ ಚರ್ಮವನ್ನು ಕೆಳಕ್ಕೆ ಜಗ್ಗಿ ಹಿಡಿದಿರುತ್ತವೆ. ಹಾಗಾಗಿ ಯಾವ ಉಪಕರಣದ ಜಾಹೀರಾತು ಕಂಡರೂ, ಅದರ ಪರಿಣಾಮ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಕೇಳಿ.

ಕಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ಗುವಾ ಶಾ ಚೀನಾದ ಹಳೆಯ ಪದ್ಧತಿ. ಮೂಲತಃ ಅದು ಬೆನ್ನು, ಕುತ್ತಿಗೆಗೆ ಮಾಡುವಂಥದ್ದು. ಚರ್ಮದ ಮೇಲೆ ಕೆಂಪು ಚುಕ್ಕೆಗಳು ಏಳುವಷ್ಟು ಬಲವಾಗಿ ಉಜ್ಜುತ್ತಾರೆ. ಹಾಗೆ ಉಜ್ಜಿದ ಜಾಗದಲ್ಲಿ ಮೊದಲ ಏಳೂವರೆ ನಿಮಿಷ ಸೂಕ್ಷ್ಮ ರಕ್ತಸಂಚಾರ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು ಎಂದು 2007ರ ಒಂದು ಅಧ್ಯಯನ ಅಳೆದು ತೋರಿಸಿತು. ಮಾರುವವರು ಈ ಅಂಕಿಯನ್ನು ಬೆನ್ನಿನಿಂದ ಎತ್ತಿ ಮುಖಕ್ಕೆ ಅಂಟಿಸಿದ್ದಾರೆ. ಮುಖದ ಮೇಲೆ ಅಷ್ಟು ಬಲ ಹಾಕಿದರೆ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಅಷ್ಟು ಬಲ ಹಾಕದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಮೆಲ್ಲಗೆ ಎಳೆದಾಗ ಆಗುವುದು ಇಷ್ಟೇ: ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ, ದವಡೆಯ ಬಳಿ ನಿಂತಿರುವ ನೀರು ಸ್ವಲ್ಪ ಸರಿಯುತ್ತದೆ, ಮುಖ ಕೆಲವು ಗಂಟೆ ತೆಳುವಾಗಿ ಕಾಣುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ಹಲ್ಲು ಕಚ್ಚಿಕೊಂಡು ಮಲಗುವವರಿಗೆ ದವಡೆಯ ಸ್ನಾಯು ಸಡಿಲಗೊಂಡು ಹಾಯೆನಿಸಬಹುದು. ದವಡೆಯ ಆಕಾರ ಬದಲಾಗುವುದಿಲ್ಲ, ಕೊಬ್ಬು ಕರಗುವುದಿಲ್ಲ. ಇನ್ನು ಗುಳಿಯನ್ನು ಕಲ್ಲಿನಿಂದ ಎಳೆದು ತುಂಬಿಸುತ್ತೇನೆ ಎನ್ನುವುದು ರಸ್ತೆಯ ಗುಂಡಿಯನ್ನು ಪೊರಕೆಯಿಂದ ಮುಚ್ಚಿದಂತೆ.

ಕಲ್ಲು ಜೇಡ್ ಆಗಿರಲಿ, ಗುಲಾಬಿ ಸ್ಫಟಿಕವಾಗಿರಲಿ, ಚರ್ಮಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಸಲಿಯೋ ನಕಲಿಯೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ. ಅಂಚು ಸೀಳಿಲ್ಲದೆ ನುಣುಪಾಗಿದ್ದರೆ ಸಾಕು. ಬಳಸುವುದಾದರೆ ಮೊಡವೆ ಎದ್ದಿರುವ ಜಾಗ ಬಿಟ್ಟು ಬಳಸಿ, ಪ್ರತಿ ಸಲವೂ ಸೋಪು ಹಾಕಿ ತೊಳೆಯಿರಿ. ಜಾರಲೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಮೊಡವೆಯ ಮುಖದಲ್ಲಿ ಅದು ರಂಧ್ರಗಳನ್ನು ಕಟ್ಟುವ ಸಾಧ್ಯತೆ ಹೆಚ್ಚು. ನೀವು ಹಚ್ಚುವ ಮಾಯಿಶ್ಚರೈಸರ್ ಸಾಕಾಗುತ್ತದೆ.

ಈಗ ರೋಲರ್, ಅಂದರೆ ಮುಖದ ಮೇಲೆ ಉರುಳಿಸುವ ಸೂಜಿಚಕ್ರ. ಮೂರರಲ್ಲಿ ಗುಳಿಯ ಮಟ್ಟಕ್ಕೆ ಇಳಿದು ನಿಜವಾಗಿ ಗಾಯ ಮಾಡಬಲ್ಲದ್ದು ಇದೊಂದೇ. ಅದಕ್ಕೇ ಇದರ ಬಗ್ಗೆ ಹೆಚ್ಚು ಹೇಳಬೇಕು, ಹೆಚ್ಚು ಹೆದರಿಸಲೂ ಬೇಕು.

ಒಳಚರ್ಮಕ್ಕೆ ಸಾವಿರಾರು ಸೂಕ್ಷ್ಮ ಗಾಯ ಮಾಡಿದರೆ, ಅದನ್ನು ಮಾಯಿಸಿಕೊಳ್ಳುವ ಭರದಲ್ಲಿ ದೇಹ ಅಲ್ಲಿ ಹೊಸ ಕೊಲಾಜನ್ ಕಟ್ಟುತ್ತದೆ. ಈ ತತ್ವ ಗಟ್ಟಿಯಾದದ್ದು. ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ ಇದನ್ನು ರೋಲರ್ ರೂಪಕ್ಕೆ ತಂದವರು. ನಮ್ಮಂಥ ಕಂದು ಚರ್ಮದವರಲ್ಲೂ ಇದು ಫಲ ಕೊಡುತ್ತದೆ ಎಂಬುದಕ್ಕೆ ಬೇರೆ ದೇಶ ಹುಡುಕಬೇಕಿಲ್ಲ. ಕಾಶ್ಮೀರದಲ್ಲಿ ಡಾ. ಇಮ್ರಾನ್ ಮಜೀದ್ ಮೊಡವೆ ಮುಂತಾದವು ಉಳಿಸಿದ ತಗ್ಗು ಗಾಯಗುರುತುಗಳಿಗೆ ರೋಲರ್ ಚಿಕಿತ್ಸೆ ನೀಡಿ 2009ರಲ್ಲಿ ಪ್ರಕಟಿಸಿದ ವರದಿ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಪರಿಚಿತ. ಆದರೆ ಅಲ್ಲಿ ಬಳಸಿದ್ದು 1.5 ಮಿ.ಮೀ. ಸೂಜಿ, ವೈದ್ಯರ ಕೈಯಲ್ಲಿ, ಮರಗಟ್ಟಿಸುವ ಕ್ರೀಮ್ ಹಚ್ಚಿದ ಮೇಲೆ, ತಿಂಗಳಿಗೊಮ್ಮೆ. ತಲೆಗೂದಲು ಬೆಳೆಸಲು ರೋಲರ್ ಬಳಸಿದ, ಎಲ್ಲರೂ ಉದ್ಧರಿಸುವ ಮುಂಬೈಯ 2013ರ ಅಧ್ಯಯನದಲ್ಲೂ ಸೂಜಿ 1.5 ಮಿ.ಮೀ., ಜೊತೆಗೆ ಮಿನಾಕ್ಸಿಡಿಲ್ ಔಷಧವೂ ಇತ್ತು. ಜಾಹೀರಾತು ಈ ಫಲವನ್ನು ತೋರಿಸಿ, ಪೆಟ್ಟಿಗೆಯಲ್ಲಿ ಬೇರೆ ವಸ್ತು ಕಳಿಸುತ್ತದೆ.

ಮನೆಗೆಂದು ಮಾರುವ 0.2 ಅಥವಾ 0.25 ಮಿ.ಮೀ. ರೋಲರ್ ಕೊಲಾಜನ್ ಕಟ್ಟಿಸುವಷ್ಟು ಕೆಳಗಿಳಿಯುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ಹೊರಚರ್ಮದ ಮೇಲಿನ ಕಾವಲು ಪದರದಲ್ಲಿ ತೂತು ಬೀಳಿಸಿ, ನಂತರ ಹಚ್ಚಿದ್ದೆಲ್ಲ ಒಳಗಿಳಿಯುವಂತೆ ಮಾಡುತ್ತದೆ. ಇದನ್ನು ಗುಣವೆಂದು ಮಾರುತ್ತಾರೆ. ಒಳಗಿಳಿಯುವುದು ಸೀರಮ್‌ನ ಒಳ್ಳೆಯ ಅಂಶ ಮಾತ್ರವಲ್ಲ, ಅದರ ಸುಗಂಧ, ಸಂರಕ್ಷಕ, ಆಮ್ಲ ಎಲ್ಲವೂ. ಚರ್ಮದ ಮೇಲೆ ಹಚ್ಚಲು ತಯಾರಾದ ವಸ್ತುವನ್ನು ಯಾರೂ ಚರ್ಮದೊಳಗೆ ಪರೀಕ್ಷಿಸಿರುವುದಿಲ್ಲ. ಸೂಜಿ ಚುಚ್ಚಿದ ಮೇಲೆ ವಿಟಮಿನ್ ಸಿ ಸೀರಮ್ ಹಚ್ಚಿಸಿಕೊಂಡು ಮುಖದ ತುಂಬ ಗಂಟುಗಳೆದ್ದ ಮಹಿಳೆಯರ ಪ್ರಕರಣಗಳು 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದವು. ನಮ್ಮ ಕಡೆ ಇನ್ನೊಂದು ಅಪಾಯವಿದೆ. ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ತಂದ, ಸ್ಟೀರಾಯ್ಡ್ ಬೆರೆತ ‘ಬೆಳ್ಳಗಾಗುವ’ ಕ್ರೀಮನ್ನು ರೋಲರ್ ಆಡಿಸಿದ ಮೇಲೆ ಹಚ್ಚುವವರಿದ್ದಾರೆ. ಆ ಕ್ರೀಮ್ ಚರ್ಮದ ಮೇಲಿದ್ದಾಗಲೇ ಮೊಡವೆ, ಮುಖದಲ್ಲಿ ಕೂದಲು ಬೆಳೆಯುವುದು, ಚರ್ಮ ತೆಳುವಾಗುವುದು ಎಲ್ಲ ತರುತ್ತದೆ. ಒಳಗಿಳಿದರೆ ಕೇಳುವುದೇ ಬೇಡ.

ನಿಮ್ಮದು 0.5 ಮಿ.ಮೀ. ನನ್ನ ಮಟ್ಟಿಗೆ ಇದು ಅತಿ ಕೆಟ್ಟ ಅಳತೆ. ಮುಖದ ಹೊರಚರ್ಮ ಇದಕ್ಕಿಂತ ತೆಳು. ಆದ್ದರಿಂದ ಒತ್ತಿದರೆ ಸೂಜಿ ಒಳಚರ್ಮಕ್ಕೆ ಹೋಗುತ್ತದೆ, ಅಲ್ಲಲ್ಲಿ ರಕ್ತ ಜಿನುಗುತ್ತದೆ. ಸೋಂಕಿಗೂ ಕಪ್ಪಾಗುವುದಕ್ಕೂ ಅಷ್ಟು ಆಳ ಸಾಕು, ಗುಳಿಯನ್ನು ಮೇಲೆತ್ತಲು ಸಾಲದು. ನಿಮಗೆ ಇನ್ನೂ ತಿಂಗಳಿಗೆ ಎರಡು ಮೂರು ಮೊಡವೆ ಬರುತ್ತಿವೆ ಎಂದಿದ್ದೀರಿ. ಕೀವಿರುವ ಒಂದು ಮೊಡವೆಯ ಮೇಲೆ ಹಾದ ಸೂಜಿಚಕ್ರ ಅದೇ ಕೀವನ್ನು ಕೆನ್ನೆಯ ಉದ್ದಕ್ಕೂ ನಾಟುತ್ತಾ ಹೋಗುತ್ತದೆ. ನರಹುಲಿ, ತುಟಿಯ ಪಕ್ಕ ಏಳುವ ಜ್ವರಗುಳ್ಳೆ ಕೂಡ ಹೀಗೆಯೇ ಹರಡುತ್ತವೆ. ತೊನ್ನು ಅಥವಾ ಸೋರಿಯಾಸಿಸ್ ಇರುವವರಲ್ಲಿ ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಕಾಣಿಸಿಕೊಳ್ಳಬಹುದು. ಗಾಯ ಮಾಯುವಾಗ ಉಬ್ಬುವ ಪ್ರವೃತ್ತಿ ಇರುವವರು, ಅಂದರೆ ಕಿವಿ ಚುಚ್ಚಿಸಿಕೊಂಡಾಗಲೋ ಲಸಿಕೆ ಹಾಕಿಸಿಕೊಂಡಾಗಲೋ ಗಂಟು ಕಟ್ಟಿದವರು, ಇದರ ಹತ್ತಿರವೂ ಹೋಗಬಾರದು.

ಬಂದಿರುವ ರೋಲರನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ. 540 ಸೂಜಿ ಎಂದು ಬರೆದಿರುವ ಅಗ್ಗದ ಎಷ್ಟೋ ರೋಲರುಗಳಲ್ಲಿ ಇರುವುದು ಬಿಡಿ ಸೂಜಿಗಳಲ್ಲ. ಹಲ್ಲು ಕತ್ತರಿಸಿದ ತೆಳು ಲೋಹದ ತಟ್ಟೆಗಳನ್ನು ಒಂದರ ಪಕ್ಕ ಒಂದು ಜೋಡಿಸಿರುತ್ತಾರೆ. ದುಂಡನೆಯ ತುದಿ ಚುಚ್ಚುತ್ತದೆ, ಚಪ್ಪಟೆ ಹಲ್ಲು ಸೀಳುತ್ತದೆ. ಹತ್ತಿಯ ಮೇಲೆ ಉರುಳಿಸಿದಾಗ ಎಳೆ ಸಿಕ್ಕಿಕೊಂಡರೆ ತುದಿ ಬಾಗಿದೆ ಎಂದರ್ಥ. ರೋಲರ್ ಒಳ್ಳೆಯದೇ ಆಗಿದ್ದರೂ ಚಕ್ರ ಉರುಳುವುದರಿಂದ ಸೂಜಿ ಓರೆಯಾಗಿ ಹೊಕ್ಕು ಓರೆಯಾಗಿಯೇ ಹೊರಬರುತ್ತದೆ. ಕ್ಲಿನಿಕ್ಕುಗಳಲ್ಲಿ ಈಗ ನೆಟ್ಟಗೆ ಚುಚ್ಚುವ ಪೆನ್ನಿನಂಥ ಯಂತ್ರವನ್ನು ಹೆಚ್ಚು ಬಳಸುವುದು ಇದಕ್ಕೇ. ಒಂದೇ ದಿಕ್ಕಿನಲ್ಲಿ ಬಲವಾಗಿ ಒತ್ತಿ ಉರುಳಿಸಿದವರ ಕೆನ್ನೆಯ ಮೇಲೆ, ಮೂಳೆ ಉಬ್ಬಿರುವ ಕಡೆ, ಸಮಾನಾಂತರವಾಗಿ ಸಾಲು ಚುಕ್ಕೆಗಳ ಗೆರೆ ಉಳಿಯುವುದುಂಟು. ಗುಬ್ಬಿಯ ಕಡೆಯಿಂದ ಬಂದ ಒಬ್ಬ ಹುಡುಗನ ಹಣೆಯಲ್ಲಿ ಇದನ್ನು ನೋಡಿದ್ದೇನೆ. ಮೊಡವೆಯ ಗುಳಿಗಿಂತ ಅದನ್ನು ಸರಿಪಡಿಸುವುದು ಕಷ್ಟವಾಯಿತು.

ಕುದಿಯುವ ನೀರಿನಲ್ಲಿ ಹಾಕಿದರೆ, ಸ್ಪಿರಿಟ್ ಸಿಂಪಡಿಸಿದರೆ ಸಾಲದೇ ಎಂದು ಕೇಳುತ್ತಾರೆ. ಸೂಜಿಗಳ ಬುಡದಲ್ಲಿ ಒಣಗಿದ ರಕ್ತ, ಚರ್ಮದ ತುಣುಕು ಸಿಕ್ಕಿಕೊಂಡಿದ್ದರೆ ಸ್ಪಿರಿಟ್ ಅದರೊಳಗೆ ಇಳಿಯುವುದಿಲ್ಲ. ಕುದಿಸಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಸೂಜಿ ಸಡಿಲವಾಗುತ್ತದೆ. ಇನ್ನು ಅಕ್ಕ ತಂಗಿಯರು ಒಂದೇ ರೋಲರ್ ಹಂಚಿಕೊಳ್ಳುವುದು, ಪಾರ್ಲರಿನಲ್ಲಿ ಒಂದನ್ನೇ ಎಲ್ಲರಿಗೂ ಬಳಸುವುದು ರಕ್ತದಿಂದ ಹರಡುವ ರೋಗಗಳಿಗೆ ಬಾಗಿಲು ತೆರೆದಂತೆ. ಅಮೆರಿಕದ ನ್ಯೂ ಮೆಕ್ಸಿಕೋದ ಒಂದು ಸ್ಪಾದಲ್ಲಿ ಸೂಜಿಯ ಫೇಶಿಯಲ್ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯೇ 2024ರಲ್ಲಿ ವರದಿ ಮಾಡಿದೆ.

ಮಾಸ್ಕಿಗೆ ಬರೋಣ. ಬೆಳಕು ಚರ್ಮದ ಮೇಲೆ ಕೆಲಸ ಮಾಡುತ್ತದೆ ಎಂಬುದು ಸುಳ್ಳಲ್ಲ. ತರಂಗದ ಉದ್ದ 630 ನ್ಯಾನೋಮೀಟರ್ ಆಸುಪಾಸು ಇರುವ ಕೆಂಪು ಬೆಳಕು, 830ರ ಆಸುಪಾಸಿನ ಕಣ್ಣಿಗೆ ಕಾಣದ ಅವಕೆಂಪು ಕಿರಣ ಒಳಚರ್ಮದವರೆಗೆ ಇಳಿದು ಜೀವಕೋಶಗಳ ಶಕ್ತಿ ತಯಾರಿಕೆಯನ್ನು ಚುರುಕುಗೊಳಿಸುತ್ತವೆ. ಸಣ್ಣ ಸುಕ್ಕುಗಳು ಒಂದಿಷ್ಟು ಕಡಿಮೆಯಾದದ್ದನ್ನು ಒಳ್ಳೆಯ ಅಧ್ಯಯನಗಳು ತೋರಿಸಿವೆ. 415ರ ನೀಲಿ ಬೆಳಕು ಮೊಡವೆಯ ಬ್ಯಾಕ್ಟೀರಿಯಾಗಳಲ್ಲಿರುವ ಪಾರ್ಫಿರಿನ್ ಎಂಬ ವಸ್ತುವನ್ನು ಕೆರಳಿಸಿ ಅವನ್ನು ಕೊಲ್ಲುತ್ತದೆ. ಕೆಂಪು, ಅವಕೆಂಪು, ನೀಲಿ: ಸಾಕ್ಷ್ಯ ಇರುವುದು ಇಷ್ಟಕ್ಕೆ. ಹಸಿರು, ಹಳದಿ, ಆಕಾಶನೀಲಿ, ನೇರಳೆ ಎಲ್ಲ ಪೆಟ್ಟಿಗೆಯ ಅಲಂಕಾರ. ನೇರಳೆ ಎಂದರೆ ಕೆಂಪನ್ನೂ ನೀಲಿಯನ್ನೂ ಒಟ್ಟಿಗೆ ಉರಿಸಿದ್ದು, ಅಷ್ಟೇ.

ಆದರೆ ಬಣ್ಣಕ್ಕಿಂತ ಮುಖ್ಯವಾದದ್ದು ಪ್ರಮಾಣ. ಔಷಧದ ಹೆಸರು ಸರಿಯಿದ್ದು ಮಿಲಿಗ್ರಾಂ ಬರೆಯದಿದ್ದರೆ ನೀವು ನುಂಗುವುದಿಲ್ಲ. ಬೆಳಕಿಗೂ ಹಾಗೆ ಅಳತೆಯಿದೆ: ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಎಷ್ಟು ಮಿಲಿವ್ಯಾಟ್ ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ. ಎರಡನ್ನೂ ಗುಣಿಸಿದರೆ ಸಿಗುವುದು ಜೂಲ್ ಲೆಕ್ಕ. ನಿಮ್ಮ ಮಾಸ್ಕಿನ ವಿವರದಲ್ಲಿ ಈ ಅಂಕಿ ಸಿಗಲಿಕ್ಕಿಲ್ಲ. ‘150 ದೀಪ’ ಎಂದಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಅಂದಾಜು ಲೆಕ್ಕವನ್ನು ನಾವೇ ಹಾಕಬಹುದು. ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ ಇಂಥ ಮಾಸ್ಕ್ 5 ವೋಲ್ಟ್, 2 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅಂದರೆ 10 ವ್ಯಾಟ್. ಅದರಲ್ಲಿ ಮೂರನೇ ಒಂದು ಭಾಗ ಬೆಳಕಾದರೂ ದೊಡ್ಡದು, ಉಳಿದದ್ದು ಬಿಸಿ. ಆ 3 ವ್ಯಾಟ್ ಸುಮಾರು 500 ಚದರ ಸೆಂಟಿಮೀಟರ್ ಮೇಲೆ ಹರಡಿದರೆ ಚದರ ಸೆಂಟಿಮೀಟರಿಗೆ ಸಿಗುವುದು 6 ಮಿಲಿವ್ಯಾಟ್. ಹತ್ತು ನಿಮಿಷ ಹಾಕಿಕೊಂಡರೆ 600 ಸೆಕೆಂಡು, ಗುಣಿಸಿದರೆ 3.6 ಜೂಲ್. ಇದು ಉದಾರವಾದ ಲೆಕ್ಕ. ಸುಕ್ಕು ಕಡಿಮೆಯಾದದ್ದನ್ನು ತೋರಿಸಿದ ಕೊರಿಯಾದ 2007ರ ಅಧ್ಯಯನದಲ್ಲಿ ಕೆಂಪು ಬೆಳಕನ್ನು ಒಂದು ಸಲಕ್ಕೆ 126 ಜೂಲ್ ಕೊಟ್ಟಿದ್ದರು. ನಿಮ್ಮ ಮಾಸ್ಕಿನಿಂದ ಅಷ್ಟು ಪಡೆಯಲು ಸುಮಾರು ಆರು ಗಂಟೆ ಮಲಗಿರಬೇಕು. ಇದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಫಲ ಕಂಡ ಅಧ್ಯಯನಗಳೂ ಇವೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಿಯಮವೂ ಇಲ್ಲ, ಒಂದು ಮಿತಿ ದಾಟಿದರೆ ಪರಿಣಾಮ ಇಳಿಯುತ್ತದೆ. ಆದ್ದರಿಂದ ಹೆಚ್ಚು ಹೊತ್ತು ಹಾಕಿಕೊಂಡು ಸರಿದೂಗಿಸುತ್ತೇನೆ ಎನ್ನಬೇಡಿ. ಅಳತೆಯನ್ನೇ ಹೇಳದ ವಸ್ತುವಿಗೆ ಸಾವಿರಗಟ್ಟಲೆ ಕೊಡುವುದು ನನಗೆ ಸರಿ ಕಾಣುವುದಿಲ್ಲ, ಅಷ್ಟೇ. ತರಂಗದ ಅಂಕಿ, ಮಿಲಿವ್ಯಾಟ್, ಕಣ್ಣಿನ ರಕ್ಷಣೆ ಮೂರನ್ನೂ ಸ್ಪಷ್ಟವಾಗಿ ಬರೆದಿರುವ ಮಾಸ್ಕುಗಳಿವೆ. ಅವುಗಳ ಬೆಲೆ ಇದರ ಹಲವು ಪಟ್ಟು. ಅಷ್ಟು ಕೊಟ್ಟರೂ ಅವು ಮಾಡುವುದು ಸಣ್ಣ ಸುಕ್ಕಿನ ಕೆಲಸ, ವಾರಕ್ಕೆ ಹಲವು ಸಲ, ತಿಂಗಳುಗಟ್ಟಲೆ. ಗುಳಿ ತುಂಬುವುದಿಲ್ಲ.

‘ಎಫ್‌ಡಿಎ’ ಎಂಬ ಮುದ್ರೆ ನೋಡಿ ಮರುಳಾಗಬೇಡಿ. ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಆ ಸಂಸ್ಥೆಯಲ್ಲಿ ಕಾರ್ಖಾನೆಯ ಹೆಸರು ನೋಂದಾಯಿಸಿಕೊಂಡರೆ ಅದು ಪರೀಕ್ಷೆಯಲ್ಲ. ಎಲ್‌ಇಡಿ ಮಾಸ್ಕಿಗೆ ಸಿಗುವ ಒಪ್ಪಿಗೆ ಸಾಮಾನ್ಯವಾಗಿ, ಈಗಾಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದು ಉಪಕರಣಕ್ಕೆ ಇದು ಸಮಾನ ಎಂಬುದಕ್ಕೆ ಮಾತ್ರ.

ನೀಲಿ ಬೆಳಕಿನ ಬಗ್ಗೆ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. 2014ರಲ್ಲಿ ಫ್ರಾನ್ಸಿನ ಸಂಶೋಧಕರು 415ರ ನೀಲಿ ನೇರಳೆ ಬೆಳಕನ್ನೂ 630ರ ಕೆಂಪನ್ನೂ ಹೋಲಿಸಿದರು. ಬಿಸಿಲಿಗೆ ಕಪ್ಪಾಗುವ ಚರ್ಮದಲ್ಲಿ ನೀಲಿ ಉಂಟುಮಾಡಿದ ಕಪ್ಪು ತಿಂಗಳುಗಟ್ಟಲೆ ಉಳಿಯಿತು, ಕೆಂಪಿನಿಂದ ಹಾಗಾಗಲಿಲ್ಲ. ಅಲ್ಲಿ ಬಳಸಿದ ಪ್ರಮಾಣ ಮಾಸ್ಕಿಗಿಂತ ಹೆಚ್ಚಿನದು, ನಿಜ. ಆದರೂ ಕಪ್ಪು ಕಲೆಗೇ ಪರಿಹಾರ ಹುಡುಕುತ್ತಿರುವ ನಿಮ್ಮಂಥವರು, ಮುಖದಲ್ಲಿ ಬಂಗು ಇರುವವರು ನೀಲಿ ಬೆಳಕನ್ನು ದಿನವೂ ಕೆನ್ನೆಗೆ ಹಾಯಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚರ್ಮ ಬೆಳಕಿಗೆ ಇನ್ನಷ್ಟು ಸೂಕ್ಷ್ಮವಾಗಿರುತ್ತದೆ. ಅಕ್ಷಿಪಟಲದ ಕೆಲವು ಕಾಯಿಲೆ ಇರುವವರಿಗೆ, ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಕಣ್ಣಿನ ತೊಂದರೆಯಾಗಬಹುದೆಂಬ ಕಾರಣಕ್ಕೆ 2019ರಲ್ಲಿ ನ್ಯೂಟ್ರೋಜೀನಾ ಕಂಪನಿ ತನ್ನ ಮೊಡವೆ ಮಾಸ್ಕನ್ನು ತಾನಾಗಿಯೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು.

ನಿಮ್ಮ ಐದು ತಿಂಗಳನ್ನು ನಾನಾದರೆ ಹೀಗೆ ಬಳಸುತ್ತೇನೆ. ಮೊದಲ ನಾಲ್ಕು ವಾರ ಹೊಸ ಮೊಡವೆ ನಿಲ್ಲಿಸುವುದಕ್ಕೆ. ವೈದ್ಯರ ಚೀಟಿಯ ಮೇಲೆ ಅಡಾಪಲೀನ್ 0.1 ಶೇಕಡಾ ಜೆಲ್, ರಾತ್ರಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಮೊದಲು ದಿನ ಬಿಟ್ಟು ದಿನ. ಗರ್ಭಿಣಿಯರು ಇದನ್ನು ಬಳಸಬಾರದು. ಬೆಳಗ್ಗೆ ಸನ್‌ಸ್ಕ್ರೀನ್, ಅದರಲ್ಲೂ ಮೈಬಣ್ಣದ ಛಾಯೆ ಇರುವಂಥದ್ದು. ಆ ಬಣ್ಣ ಕೊಡುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬರೀ ಬಿಳಿ ಸನ್‌ಸ್ಕ್ರೀನ್ ಅಷ್ಟು ತಡೆಯುವುದಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಕೂರುವ ಅಭ್ಯಾಸವಿದ್ದರೆ ಯಾವ ಕೆನ್ನೆಯಲ್ಲಿ ಕಲೆ ಹೆಚ್ಚು ಗಾಢವಾಗಿದೆ ನೋಡಿಕೊಳ್ಳಿ.

ಮೊಡವೆ ಹತೋಟಿಗೆ ಬಂದ ಮೇಲೆ ಐದನೇ ವಾರದ ಹೊತ್ತಿಗೆ ಚರ್ಮರೋಗ ತಜ್ಞರ ಬಳಿ ಮೊದಲ ಸೂಜಿ ಚಿಕಿತ್ಸೆ, ಹತ್ತನೇ ವಾರ ಎರಡನೆಯದು, ಹದಿನಾಲ್ಕನೇ ವಾರ ಮೂರನೆಯದು. ಆಮೇಲೆ ಮದುವೆಯವರೆಗೆ ಸುಮಾರು ಆರು ವಾರ ಖಾಲಿ ಬಿಡಿ, ಒಂದು ವೇಳೆ ಕಪ್ಪಾದರೂ ತಿಳಿಯಾಗಲು ಸಮಯ ಇರಲಿ. ಪ್ರತಿ ಸಲವೂ ಮುಖ ಎರಡು ಮೂರು ದಿನ ಕೆಂಪಾಗಿ ಉರಿಯುತ್ತದೆ. ಕೊಲಾಜನ್ ಕಟ್ಟುವುದು ನಿಧಾನ, ಪೂರ್ತಿ ಫಲ ಕಾಣುವುದು ಕೊನೆಯ ಸಲದ ಮೂರರಿಂದ ಆರು ತಿಂಗಳ ನಂತರ. ಮದುವೆಯ ಹೊತ್ತಿಗೆ ಒಂದಿಷ್ಟು ವ್ಯತ್ಯಾಸ ಕಾಣುತ್ತದೆ, ಪೂರ್ತಿ ಸಮವಾಗುವುದಿಲ್ಲ. ಎಳೆದಾಗ ಮಾಯವಾಗುವ ತಗ್ಗುಗಳು ಚೆನ್ನಾಗಿ ಒಗ್ಗುತ್ತವೆ, ಒಳಗಿನ ಎಳೆಗಳನ್ನು ಸೂಜಿಯಿಂದ ಬಿಡಿಸುವ ವಿಧಾನವನ್ನೂ ಜೊತೆಗೆ ಮಾಡಿದರೆ ಇನ್ನೂ ಒಳ್ಳೆಯದು. ಕಿರಿದಾಗಿ ಆಳವಾಗಿರುವ ರಂಧ್ರಗಳಿಗೆ ಸೂಜಿ ಚಿಕಿತ್ಸೆಯಿಂದ ಹೆಚ್ಚೇನೂ ಆಗುವುದಿಲ್ಲ. ಅವಕ್ಕೆ ತೂತಿನ ತಳಕ್ಕೆ ಮಾತ್ರ ಗಾಢ ಆಮ್ಲ ಮುಟ್ಟಿಸುವ ಬೇರೆ ವಿಧಾನವಿದೆ. ಎಲ್ಲಕ್ಕೂ ಒಂದೇ ಯಂತ್ರ ಎನ್ನುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಕೇಳಿ, ಮುಗಿದ ಮೇಲೆ ಅದನ್ನು ಬಿಸಾಡುವುದನ್ನೂ ನೋಡಿ. ‘ನಿಮ್ಮ ಹೆಸರಿನಲ್ಲೇ ತೆಗೆದಿಡುತ್ತೇವೆ’ ಎಂದರೆ ಒಪ್ಪಬೇಡಿ.

ಮಾಸ್ಕನ್ನು ವಾಪಸ್ ಪಡೆಯುವ ಅವಧಿ ಹೆಚ್ಚಾಗಿ ಕೆಲವೇ ದಿನ, ಇವತ್ತೇ ಮೊಬೈಲಿನಲ್ಲಿ ನೋಡಿ. ರೋಲರನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಟೇಪು ಸುತ್ತಿ, ಒಳಗೆ ಸೂಜಿ ಇದೆ ಎಂದು ಮೇಲೆ ಬರೆದು, ಕಸದ ಗಾಡಿ ಬಂದಾಗ ಬೇರೆಯಾಗಿ ಕೊಡಿ. ಕಸ ವಿಂಗಡಿಸುವವರ ಕೈಗೆ ಚುಚ್ಚುವುದು ತಪ್ಪುತ್ತದೆ.